ಪ್ರೊಫೈಲ್‌ಗೆ ಎರಡನೇ ಭಾಷೆ ಸೇರಿಸಿದವರ ಸಂಭ್ರಮ

ಪರಿಚಯದವರೊಬ್ಬರು ತಮ್ಮ ಲಿಂಕ್ಡ್‌ಇನ್ ಪ್ರೊಫೈಲ್‌ಗೆ ಹಿಂದಿ ಆವೃತ್ತಿಯನ್ನು ಸೇರಿಸಿ, ಇನ್ನು ಮುಂದೆ ತಮ್ಮ ರೀಚ್ ಎರಡು ಪಟ್ಟಾಗುತ್ತದೆ ಎಂದು ಇಂದು ಬೆಳಿಗ್ಗೆ ಘೋಷಿಸಿದ್ದಾರೆ. ಕೆಳಗೆ ಅಭಿನಂದನೆಗಳ ಸುರಿಮಳೆಯೇ ಆಗಿದೆ. ಅದು ಹೇಗೆ ಎರಡು ಪಟ್ಟಾಗುತ್ತದೆ ಎಂದು ಅವರಲ್ಲಿ ಒಬ್ಬರಾದರೂ ಕೇಳಿದ್ದರೆ ನಾನು ಈ ಬರಹಕ್ಕೆ ಕೈಹಾಕುತ್ತಿರಲಿಲ್ಲ.

ನನ್ನ ಕಸುಬು ಅನುವಾದ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಎರಡನೇ ಭಾಷೆಯನ್ನು ವಿರೋಧಿಸಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ನನಗೆ ಸಿಟ್ಟು ಬರುವುದು ಭಾಷೆಯ ಮೇಲಲ್ಲ, ರೀಚ್ ಎಂಬ ಮಾತನ್ನು ಬಳಸುವ ರೀತಿಯ ಮೇಲೆ. ಎರಡನೇ ಆವೃತ್ತಿಯನ್ನು ಸೇರಿಸಿದೊಡನೆ ಅದು ಎಲ್ಲರ ಮುಂದೆ ಹೋಗಿ ನಿಲ್ಲುವುದಿಲ್ಲ. ನೋಡುವವರು ತಾಣವನ್ನು ಯಾವ ಭಾಷೆಯಲ್ಲಿ ಬಳಸುತ್ತಿದ್ದಾರೋ ಆ ಭಾಷೆಯ ಆವೃತ್ತಿ ಇದ್ದರೆ ಅವರಿಗೆ ಅದು ಕಾಣುತ್ತದೆ. ಇಲ್ಲದಿದ್ದರೆ ಮೂಲ ಆವೃತ್ತಿಯೇ ಕಾಣುತ್ತದೆ. ಎಂದರೆ, ಮನೆಯಲ್ಲಿ ದಿನವಿಡೀ ಹಿಂದಿಯನ್ನೇ ಆಡುವವರಾದರೂ ತಾಣವನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿದ್ದರೆ, ನೀವು ಕಷ್ಟಪಟ್ಟು ಬರೆದ ಹಿಂದಿ ಪರಿಚಯ ತಾನಾಗಿ ಅವರ ಕಣ್ಣಿಗೆ ಬೀಳುವುದಿಲ್ಲ. ಇನ್ನು ನೀವು ಹಾಕುವ ಪೋಸ್ಟ್‌ಗಳ ಮಾತಂತೂ ಬೇರೆಯೇ. ಪ್ರೊಫೈಲ್‌ಗೆ ಭಾಷೆ ಸೇರಿಸಿದ ಮಾತ್ರಕ್ಕೆ ಅವುಗಳ ಭಾಷೆ ಬದಲಾಗುವುದಿಲ್ಲ. ಪ್ರೊಫೈಲ್‌ಗೆ ಹತ್ತು ಭಾಷೆಗಳನ್ನು ಸೇರಿಸಿದರೂ ಒಂದು ಪೋಸ್ಟ್ ಹತ್ತಾಗುವುದಿಲ್ಲ.

ಸೇರಿಸಿದರೆ ನಷ್ಟವೇನು, ಇದ್ದರೆ ಇರಲಿ ಎನ್ನುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಮತ್ತು ಇಲ್ಲಿ ಒಪ್ಪಿಕೊಳ್ಳಬೇಕಾದ ಮುಜುಗರದ ಸಂಗತಿಯೊಂದಿದೆ. ಈ ತಾಣ ನಮ್ಮ ಬರಹವನ್ನು ತಾನೇ ಅನುವಾದಿಸಿ ಎರಡನೇ ಆವೃತ್ತಿಯಲ್ಲಿ ತುಂಬುವುದಿಲ್ಲ. ಹೆಸರು, ಶೀರ್ಷಿಕೆ, ಪರಿಚಯದ ಸಾಲುಗಳು ಎಲ್ಲವನ್ನೂ ನಾವೇ ಬರೆಯಬೇಕು. ಒಂದನ್ನು ತಿದ್ದಿದರೆ ಇನ್ನೊಂದರ ಶೀರ್ಷಿಕೆ ತಾನಾಗಿ ಬದಲಾಗುವುದೂ ಇಲ್ಲ. ನಾನು ಕಾನೂನು ಪತ್ರಗಳ ಅನುವಾದವನ್ನು ಬಿಟ್ಟು ವೈದ್ಯಕೀಯ ಉಪಕರಣಗಳ ಕೈಪಿಡಿಗಳ ಕೆಲಸಕ್ಕೆ ಹೊರಳಿದಾಗ ಇಂಗ್ಲಿಷ್ ಆವೃತ್ತಿಯನ್ನು ಅದೇ ದಿನ ತಿದ್ದಿದೆ. ಹಿಂದಿಯದು ನೆನಪಿಗೇ ಬರಲಿಲ್ಲ. ತಾಣವನ್ನು ಹಿಂದಿಯಲ್ಲಿ ಬಳಸುವ ಗ್ರಾಹಕರೊಬ್ಬರು ಎಂಟು ತಿಂಗಳ ನಂತರ ಬಾಡಿಗೆ ಕರಾರೊಂದನ್ನು ಕಳುಹಿಸಿ ದರ ಕೇಳಿದಾಗಲೇ ಆ ಹಳೆಯ ಶೀರ್ಷಿಕೆ ಅಲ್ಲಿ ಇನ್ನೂ ನೇತಾಡುತ್ತಿರುವುದು ತಿಳಿದದ್ದು. ಊರಿನವರ ಪ್ರತಿಗಳನ್ನೆಲ್ಲ ತಿದ್ದಿಕೊಡುವ ನನ್ನದೇ ಪ್ರತಿಯ ಸ್ಥಿತಿ ಇದು. ನನ್ನ ಪ್ರೊಫೈಲ್ ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಕಾಣುತ್ತಿದ್ದುದರಿಂದ, ಅನುಮಾನ ಬರುವುದಕ್ಕೂ ದಾರಿ ಇರಲಿಲ್ಲ.

ಹಾಗಾದರೆ ಅದರಿಂದ ಏನೂ ಉಪಯೋಗವಿಲ್ಲವೇ? ಇದೆ, ಆದರೆ ಅದರ ಜಾಗ ಬೇರೆ. ಎರಡನೇ ಆವೃತ್ತಿಗೆ ತನ್ನದೇ ಆದ ವೆಬ್ ವಿಳಾಸವಿರುತ್ತದೆ, ಮತ್ತು ಹುಡುಕಾಟದ ಫಲಿತಾಂಶಗಳಲ್ಲಿ ಅದು ಬೇರೆಯಾಗಿಯೇ ಬರಬಹುದು. ನಮ್ಮ ಹೆಸರನ್ನು ದೇವನಾಗರಿ ಲಿಪಿಯಲ್ಲಿ ಟೈಪ್ ಮಾಡಿ ಹುಡುಕುವವರಿದ್ದರೆ ಆ ಲಿಪಿಯ ಹೆಸರು ಎಲ್ಲಾದರೂ ಇರಲೇಬೇಕಲ್ಲವೇ? ಆ ಕೆಲಸವನ್ನು ಈ ಆವೃತ್ತಿ ಮಾಡುತ್ತದೆ. ಆದರೆ ಕಸುಬಿನ ಹೆಸರಿನಲ್ಲಿ ಜನ ಎಡವುತ್ತಾರೆ. ನಿಘಂಟಿನಿಂದ ತೆಗೆದ ಶುದ್ಧ ಪದವನ್ನು ಶೀರ್ಷಿಕೆಯಲ್ಲಿ ಕೂರಿಸುತ್ತಾರೆ, ಹುಡುಕುವವರಾದರೋ "translator" ಎಂದು ಟೈಪ್ ಮಾಡಿರುತ್ತಾರೆ. ಹಿಂದಿ ಶೀರ್ಷಿಕೆಯಲ್ಲೂ ಆ ಇಂಗ್ಲಿಷ್ ಪದವನ್ನು ಪಕ್ಕದಲ್ಲಿ ಉಳಿಸಿಕೊಂಡರೆ ಭಾಷೆಗೆ ಅವಮಾನವೇನೂ ಆಗುವುದಿಲ್ಲ.

ಸೇರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ನಾನು ಮಾಡಿದ ಲೆಕ್ಕ ಬಹಳ ಸರಳವಾದದ್ದು. ಅಪರಿಚಿತರು ಕೆಲಸ ಕೇಳಿ ಬರೆದ ಕೊನೆಯ 20 ಸಂದೇಶಗಳನ್ನು ತೆರೆದು, ಮೊದಲ ಸಾಲು ಯಾವ ಭಾಷೆಯಲ್ಲಿದೆ ಎಂದು ನೋಡಿದೆ. 16 ಇಂಗ್ಲಿಷಿನಲ್ಲಿದ್ದವು. ಹಿಂದಿಯ 4ರಲ್ಲಿ 3 ರೋಮನ್ ಲಿಪಿಯಲ್ಲಿ ಬರೆದವು. ದೇವನಾಗರಿಯಲ್ಲಿದ್ದ ಆ ಒಂದೇ ಒಂದು ಸಂದೇಶ, ಮೇಲೆ ಹೇಳಿದ ಬಾಡಿಗೆ ಕರಾರಿನದು. ಹೀಗಾಗಿ ಹಿಂದಿ ಆವೃತ್ತಿಯನ್ನು ಅಳಿಸದೆ, ಹೆಸರು, ಶೀರ್ಷಿಕೆ ಮತ್ತು ಬೇಗ ಹಳತಾಗದ ಎರಡು ಸಾಲಿನ ಪರಿಚಯಕ್ಕೆ ಇಳಿಸಿದ್ದೇನೆ. ಮೂಲವನ್ನು ತಿದ್ದಿದ ದಿನವೇ ಅದನ್ನೂ ತೆರೆದು ನೋಡುವಷ್ಟು ವ್ಯವಧಾನ ಇಲ್ಲದವರು ಅಳಿಸುವುದೇ ಒಳ್ಳೆಯದು.

ಬೆಳಗಿನ ಆ ಪರಿಚಯದವರ ಪ್ರೊಫೈಲನ್ನು, ಕುತೂಹಲ ತಡೆಯಲಾಗದೆ, ನನ್ನ ತಾಣದ ಭಾಷೆಯನ್ನು ಹಿಂದಿಗೆ ಬದಲಾಯಿಸಿ ನೋಡಿದೆ. ಶೀರ್ಷಿಕೆಯಲ್ಲಿ ಅವರ ಕಸುಬಿನ ಹೆಸರೇ ಕಾಗುಣಿತ ತಪ್ಪಾಗಿ ಕುಳಿತಿದೆ. ಅಭಿನಂದಿಸಿದ ಅಷ್ಟು ಜನರಲ್ಲಿ ಯಾರೂ ಅದನ್ನು ಹೇಳಿಲ್ಲ.