ಲೆಕ್ಕ ಹೇಳೋದು 200, ಕೇಸಿನಲ್ಲಿ ಬರೋದು 144: ಒಪ್ಪಿಕೊಳ್ಳಬೇಕಾ?

ಪರ: ಒಪ್ಪಿಕೊಳ್ಳಿ, ನಷ್ಟ ತೀರಾ ಸಣ್ಣದು

ವರ್ಷಕ್ಕೆ 1200 ಪೀಸ್ ಹೋಗುವ ಒಂದು ವಸ್ತು ಇದೆ ಅಂದುಕೊಳ್ಳಿ. ಒಂದು ಸಲ ಆರ್ಡರ್ ಹಾಕಿ ಮಾಲು ಇಳಿಸಿಕೊಳ್ಳುವ ಖರ್ಚು 100. ಒಂದು ಪೀಸನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು 6. ಈ ಎರಡೂ ಖರ್ಚು ಸೇರಿ ಅತಿ ಕಡಿಮೆಯಾಗುವ ಆರ್ಡರ್ ಪ್ರಮಾಣ ಹೇಳುವ ಇಒಕ್ಯೂ ಸೂತ್ರಕ್ಕೆ ಹಾಕಿದರೆ ಪ್ರತಿ ಆರ್ಡರಿಗೆ 200 ಪೀಸ್ ಬರುತ್ತದೆ. ಆಗ ವರ್ಷಕ್ಕೆ ಆರು ಆರ್ಡರಿನ ಖರ್ಚು 600, ಸರಾಸರಿ ಅರ್ಧದಷ್ಟು ಅಂದರೆ 100 ಪೀಸ್ ಇಡುವ ಖರ್ಚು 600, ಒಟ್ಟು 1200.

ಆದರೆ ಪೂರೈಕೆದಾರ ಕೊಡುವುದು 144 ಪೀಸಿನ ಕೇಸ್ ಮಾತ್ರ. ಒಂದು ಕೇಸ್ ತರಿಸಿದರೆ ವರ್ಷದ ಖರ್ಚು ಸುಮಾರು 1265. ಎರಡು ಕೇಸ್ ತರಿಸಿದರೆ 1281. ಪ್ರಮಾಣ ಅಷ್ಟು ಏರುಪೇರಾದರೂ ಖರ್ಚು ಏರಿದ್ದು ಶೇಕಡ 5ರಿಂದ 7 ಅಷ್ಟೇ, ಯಾಕಂದ್ರೆ ಕಡಿಮೆ ತರಿಸಿದಾಗ ಆರ್ಡರ್ ಖರ್ಚು ಏರುತ್ತದೆ, ಇಡುವ ಖರ್ಚು ಇಳಿಯುತ್ತದೆ, ಒಂದು ಇನ್ನೊಂದನ್ನು ಬಹುಪಾಲು ಸರಿದೂಗಿಸುತ್ತದೆ. ಅಲ್ಲದೆ ಆ 100, ಆ 6 ಎರಡೂ ನಮ್ಮ ಅಂದಾಜೇ ಅಲ್ವಾ? ಅಂದಾಜಿನ ಮೇಲೆ ನಿಂತ 200ಕ್ಕೋಸ್ಕರ ಕೇಸ್ ಒಡೆಸಿ, ಕೈಯಲ್ಲಿ ಎಣಿಸಿ, ಎಣಿಕೆ ತಪ್ಪಿ ಜಗಳವಾಡುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ.

ವಿರೋಧ: ಕೇಸ್ ಸರಿ, ಕನಿಷ್ಠ ಆರ್ಡರ್ ಬೇರೆ ಮಾತು

144ರ ಲೆಕ್ಕ ನನಗೂ ಒಪ್ಪಿಗೆ. ಆದರೆ ಅದೇ ವಸ್ತುವಿಗೆ ಪೂರೈಕೆದಾರ "600ಕ್ಕಿಂತ ಕಡಿಮೆ ಕಳಿಸಲ್ಲ" ಅಂದರೆ? ಆರ್ಡರ್ ಖರ್ಚು 200ಕ್ಕೆ ಇಳಿಯುತ್ತದೆ ನಿಜ, ಇಡುವ ಖರ್ಚು ಮಾತ್ರ 1800ಕ್ಕೆ ಹೋಗುತ್ತದೆ. ಒಟ್ಟು 2000. ಆದರ್ಶ ಪ್ರಮಾಣದ ಹತ್ತಿರ ಸಿಗುವ ಸಮಾಧಾನ ಅದರ ಮೂರು ಪಟ್ಟು ದೂರದಲ್ಲಿ ಸಿಗುವುದಿಲ್ಲ.

ಇನ್ನೊಂದು ಪೆಟ್ಟು ಈ ಸೂತ್ರದೊಳಗೆ ಕಾಣುವುದೇ ಇಲ್ಲ. ತಿಂಗಳಿಗೆ 100 ಹೋಗುವ ವಸ್ತು 600 ಬಂದರೆ ಆರು ತಿಂಗಳ ದಾಸ್ತಾನು. ಬಂದಾಗ ಅದರ ಬಾಳಿಕೆ ನಾಲ್ಕೇ ತಿಂಗಳು ಉಳಿದಿದ್ದರೆ 200 ಪೀಸ್ ಪ್ರತಿ ಸಲವೂ ಕಸಕ್ಕೆ. ನಿಧಾನವಾಗಿ ಹೋಗುವ ವಸ್ತುವಿಗೆ ಕೇಸೇ ಸಾಕು ಹಾಳುಮಾಡಲು: ತಿಂಗಳಿಗೆ ಒಂದೇ ಹೋಗುವುದಾದರೆ 144ರ ಒಂದು ಕೇಸ್ ಖಾಲಿಯಾಗಲು 12 ವರ್ಷ ಬೇಕು! ಅದಕ್ಕೇ ನಾನು ಪೀಸಿನ ಲೆಕ್ಕ ಬಿಟ್ಟು, ಮಾಲು ಇಳಿದ ದಿನ ಕೈಯಲ್ಲಿರುವ ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ ಅಂತ ನೋಡುತ್ತೇನೆ. ಬಾಳಿಕೆಯ ದಿನಕ್ಕಿಂತ ಅದು ಜಾಸ್ತಿಯಾದರೆ ಆರ್ಡರ್ ಹಾಕುವುದಿಲ್ಲ.

ಮಣಿಯುವ ಮೊದಲು ಕೇಳಬೇಕಾದ್ದು ಇಷ್ಟು. ಆ 600 ಒಂದೊಂದು ವಸ್ತುವಿಗಾ, ಇಡೀ ಆರ್ಡರಿಗಾ? ಇಡೀ ಆರ್ಡರಿಗಾದರೆ ಬೇರೆ ವಸ್ತುಗಳನ್ನು ಸೇರಿಸಿ ಮುಟ್ಟಿಸಬಹುದು. ಕೇಸಿನೊಳಗೆ ಸಣ್ಣ ಪ್ಯಾಕ್ ಇದ್ದರೆ ಅದನ್ನೇ ಕೊಡುತ್ತಾರಾ? ಎರಡೂ ಆಗದಿದ್ದರೆ ಸಣ್ಣ ಆರ್ಡರಿಗೆ ಹೆಚ್ಚುವರಿ ಶುಲ್ಕ ಕೊಡುತ್ತೇನೆ ಅನ್ನಿ. 600 ತರಿಸಿ ಆಗುವ ಹೆಚ್ಚು ಖರ್ಚು 800, 200ರಂತೆ ತರಿಸಿದರೆ ವರ್ಷಕ್ಕೆ ಆರು ಆರ್ಡರ್. ಹಾಗಾಗಿ ಪ್ರತಿ ಆರ್ಡರಿಗೆ 133ರವರೆಗೆ ಶುಲ್ಕ ಕೊಟ್ಟರೂ ನಮಗೆ ನಷ್ಟವಿಲ್ಲ.