‘ನಮ್ಮ ಸಂಸ್ಥೆಯೇ ಯಾಕೆ?’ ಅಂತ ಕೇಳಿದರೆ ಹೊಗಳಬೇಡಿ

ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆಗಳ ಅರ್ಜಿಯಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ: ‘ನೀವು ನಮ್ಮ ಸಂಸ್ಥೆಯನ್ನು ಯಾಕೆ ಸೇರಬೇಕು ಅಂದುಕೊಂಡಿದ್ದೀರಿ?’ ಉತ್ತರಕ್ಕೆ ಇನ್ನೂರು ಪದದ ಜಾಗ. ಇಂಥ ಅರ್ಜಿಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಹೆಚ್ಚಿನವರು ಇನ್ನೂರು ಪದವನ್ನೂ ನಮ್ಮನ್ನು ಹೊಗಳುವುದಕ್ಕೇ ಖರ್ಚು ಮಾಡುತ್ತಾರೆ. ಓದಿ ಮುಗಿಸಿದ ಮೇಲೆ ಅರ್ಜಿ ಹಾಕಿದವರು ಯಾರು ಅಂತ ಮಾತ್ರ ಗೊತ್ತಾಗಿರುವುದಿಲ್ಲ.

ಯಾದಗಿರಿ ಕಡೆಯ ಹುಡುಗಿಯೊಬ್ಬಳು ಬೇರೊಂದು ಸಂಸ್ಥೆಗೆ ಬರೆದ ಕರಡನ್ನು ನನಗೆ ಕಳಿಸಿದ್ದಳು. ‘ತಮ್ಮ ಪ್ರತಿಷ್ಠಿತ ಸಂಸ್ಥೆಯು ಶಿಕ್ಷಣ ಕ್ಷೇತ್ರದಲ್ಲಿ ಸಲ್ಲಿಸುತ್ತಿರುವ ಅಮೋಘ ಸೇವೆಯಿಂದ ಪ್ರೇರಿತಳಾಗಿ...’ ಹೀಗೇ ಕೊನೆತನಕ. ಫೋನ್ ಮಾಡಿ ಕೇಳಿದೆ: “ಇದರಲ್ಲಿ ಆ ಸಂಸ್ಥೆ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೆ ಏನಾದರೂ ಕೆಡುತ್ತಾ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನೂ ಕೆಡಂಗಿಲ್ರೀ ಅಕ್ಕಾ” ಅಂದಳು. ನಾನು ಮಾಡುವ ಪರೀಕ್ಷೆ ಇದೊಂದೇ. ಹೆಸರು ಬದಲಾಯಿಸಿದರೂ ಉಳಿಯುವ ವಾಕ್ಯ ಆ ಉತ್ತರಕ್ಕೆ ಬೇಕಾಗಿಲ್ಲ.

ಹಾಗಾದರೆ ಏನು ಬರೆಯೋದು? ಅವಳು ಅತಿಥಿ ಶಿಕ್ಷಕಿಯಾಗಿ ನಲಿ-ಕಲಿ ತರಗತಿ ನಡೆಸಿದ್ದಳು. ಕರಡಿನಲ್ಲಿ ಅದು ‘ಬೋಧನಾ ಅನುಭವವಿದೆ’ ಅಂತ ಎರಡು ಪದ ಆಗಿಹೋಗಿತ್ತು! ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿ. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿಕೊಂಡು ಅದರ ಕಾರ್ಡ್ ತೆಗೆದುಕೊಳ್ಳುತ್ತದೆ. ಕೆಲವರಿಗೆ ಟೀಚರ್ ಪಕ್ಕದಲ್ಲೇ ಇರಬೇಕು, ಕೆಲವರು ತಾವೇ ಮಾಡಿಕೊಳ್ಳುತ್ತಾರೆ.

ಅಲ್ಲಿ ಏನು ನೋಡಿದೆ ಅಂತ ಕೇಳಿದಾಗ ಅವಳ ಮಾತೇ ಬೇರೆ ಆಯಿತು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದಾಗ ಮಕ್ಕಳೂ ಹೋಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಬಂದ ಎರಡನೇ ತರಗತಿ ಮಗು, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು ಮಾಡುತ್ತದೆ. ಆದರೆ ನಾಲ್ಕನೇ ತರಗತಿಗೆ ಹೋದಮೇಲೆ ಏಣಿ ಇಲ್ಲ, ಕಾರ್ಡ್ ಇಲ್ಲ. ಪಾಠ ಎಲ್ಲರಿಗೂ ಒಂದೇ ಪುಟದಿಂದ. ಗುಳೆಯಿಂದ ಬಂದ ಮಗು ಹಿಂದಿನ ಸಾಲಲ್ಲಿ ಕೂತು ಬೋರ್ಡ್ ನೋಡಿ ಬರೆದುಕೊಳ್ಳುತ್ತದೆ. ಬರೆದದ್ದನ್ನು ಓದು ಅಂದರೆ ಬಾಯಿ ಬಿಡುವುದಿಲ್ಲ.

ಅವಳು ಅರ್ಜಿ ಹಾಕುತ್ತಿದ್ದ ಸಂಸ್ಥೆ ಆ ಭಾಗದಲ್ಲಿ ನಾಲ್ಕು-ಐದನೇ ತರಗತಿ ಶಿಕ್ಷಕರ ಜೊತೆ ಓದು-ಬರಹದ ಮೇಲೆಯೇ ಕೆಲಸ ಮಾಡುತ್ತದೆ. ಕಾರಣ ಅವಳ ಕೈಯಲ್ಲೇ ಇತ್ತು, ಅಲ್ವಾ? ಕೊನೆಗೆ ಅವಳು ಬರೆದದ್ದು ಹೀಗೆ:

‘ನಲಿ-ಕಲಿ ತರಗತಿಯಲ್ಲಿ ಗುಳೆಯಿಂದ ಬಂದ ಮಕ್ಕಳು ತಮ್ಮ ಮೆಟ್ಟಿಲಿನಿಂದ ಮುಂದುವರಿಯುವುದನ್ನು ನೋಡಿದ್ದೇನೆ. ಅದೇ ಮಕ್ಕಳು ನಾಲ್ಕನೇ ತರಗತಿಯಲ್ಲಿ ಓದಲಾಗದೆ ಸುಮ್ಮನಾಗುವುದನ್ನೂ ನೋಡಿದ್ದೇನೆ. ನೀವು ನಾಲ್ಕು-ಐದನೇ ತರಗತಿಯ ಓದಿನ ಮೇಲೆ ಕೆಲಸ ಮಾಡುತ್ತೀರಿ. ಒಂದೇ ತರಗತಿಯಲ್ಲಿ ಬೇರೆ ಬೇರೆ ಹಂತದ ಮಕ್ಕಳಿಗೆ ಓದಿಸುವುದು ನನಗೆ ಸ್ವಲ್ಪ ಗೊತ್ತು. ಅದನ್ನು ಬೇರೆ ಶಿಕ್ಷಕರ ಜೊತೆ ಕೂತು ಮಾಡುವುದು ಹೇಗೆ ಅಂತ ನಿಮ್ಮಲ್ಲಿ ಕಲಿಯಬೇಕು.’

ಇದರಲ್ಲಿ ಒಂದೂ ಹೊಗಳಿಕೆ ಇಲ್ಲ. ಆದರೂ ಆ ಸಂಸ್ಥೆಯವರಿಗೆ ತಮ್ಮ ಕೆಲಸವನ್ನು ಯಾರೋ ಸರಿಯಾಗಿ ನೋಡಿದ್ದಾರೆ ಅನ್ನಿಸುತ್ತದೆ. ಸಂದರ್ಶನದಲ್ಲಿ ಕೇಳಲು ಪ್ರಶ್ನೆಗಳೂ ಸಿಗುತ್ತವೆ. ‘ಅಮೋಘ ಸೇವೆ’ ಅಂತ ಬರೆದವರನ್ನು ನಾನು ಏನಂತ ಕೇಳಲಿ?

ಕೆಲವರು ಇದನ್ನು ತಪ್ಪಾಗಿ ತಿಳಿದು ಸಂಸ್ಥೆಯ ವಾರ್ಷಿಕ ವರದಿಯಿಂದ ಅಂಕಿಅಂಶ ಎತ್ತಿ ಹಾಕುತ್ತಾರೆ. ಇಷ್ಟು ಜಿಲ್ಲೆ, ಇಷ್ಟು ಶಾಲೆ, ಇಷ್ಟು ಶಿಕ್ಷಕರು. ಅದು ನಮಗೆ ಗೊತ್ತಿರುವುದೇ! ಆ ಕೆಲಸಕ್ಕೂ ನಿಮಗೂ ಎಲ್ಲಿ ಗಂಟು ಬೀಳುತ್ತದೆ ಅನ್ನುವುದು ಮಾತ್ರ ನಮಗೆ ಗೊತ್ತಿಲ್ಲ. ಇನ್ನು ಕೆಲವರು ಇಲ್ಲದ ಅನುಭವ ಕಟ್ಟುತ್ತಾರೆ. ಸಂದರ್ಶನದಲ್ಲಿ “ಆ ಮಗು ಯಾವ ಕಾರ್ಡ್‌ನಲ್ಲಿ ನಿಂತಿತ್ತು?” ಅಂತ ಕೇಳಿದರೆ ಮುಗಿಯಿತು.

ಶಾಲೆಯಲ್ಲಿ ಕೆಲಸ ಮಾಡಿಯೇ ಇಲ್ಲ ಅನ್ನುವವರು ತಮ್ಮದೇ ಊರಿನ ಶಾಲೆಗೆ ಒಂದು ದಿನ ಹೋಗಿ, ಹೆಡ್‌ಮಾಸ್ಟರನ್ನು ಕೇಳಿಕೊಂಡು, ಹಿಂದಿನ ಸಾಲಲ್ಲಿ ಕೂತು ಬನ್ನಿ. ‘ನಾನು ಇಷ್ಟು ನೋಡಿದೆ, ಇದು ಅರ್ಥವಾಗಲಿಲ್ಲ’ ಅಂತ ಬರೆದರೂ ಸಾಕು.

ಸಂಬಳ, ಊರಿಗೆ ಹತ್ತಿರ, ಇವೆಲ್ಲಾ ನಿಜವಾದ ಕಾರಣಗಳೇ. ಊರಿನ ವಿಷಯ ಒಂದು ಸಾಲಿನಲ್ಲಿ ಬರೆಯಬಹುದು. ಸುರಪುರದವರು ಸುರಪುರದಲ್ಲೇ ಇರುತ್ತೇನೆ ಅಂದರೆ ನಮಗೂ ಅನುಕೂಲ, ವರ್ಷಕ್ಕೇ ಬಿಟ್ಟು ಹೋಗುವವರು ಜಾಸ್ತಿ ಇರುವ ಕೆಲಸ ಇದು. ಸಂಬಳದ ಮಾತನ್ನು ಸಂದರ್ಶನದಲ್ಲಿ ಬಾಯಿಬಿಟ್ಟು ಕೇಳಿ. ಯಾರೂ ತಪ್ಪು ತಿಳಿಯಲ್ಲ.