ಅಜ್ಜಿಯ ಪತ್ರದಲ್ಲಿ ಬಿಟ್ಟುಹೋದ ಅರ್ಧ ಪುಟ

ಇಂಗ್ಲೆಂಡಿನಲ್ಲಿ ಕೂಸು ಕಟ್ಟಿಕೊಂಡಿರುವ ಮೊಮ್ಮಗಳಿಗೆ ಅಜ್ಜಿ ಬರೆಯುವ ಮನೆಮದ್ದಿನ ಪತ್ರಕ್ಕೆ ಒಂದು ಗೊತ್ತಾದ ಧಾಟಿಯಿದೆ. "ಪುಟ್ಟೀ, ಕೂಸಿಗೆ ಶೀತವಾದರೆ ದೊಡ್ಡಪತ್ರೆ ಬಾಡಿಸಿ ಹಿಂಡಿ, ಜೇನು ಸೇರಿಸಿ ನೆಕ್ಕಿಸು. ಬಜೆ ಸುಟ್ಟು ತೇದು ನಾಲಿಗೆಗೆ ತಾಗಿಸು. ಮೂಗು ಕಟ್ಟಿದರೆ ಎರಡು ತೊಟ್ಟು ಬೆಚ್ಚನೆ ಎಣ್ಣೆ ಬಿಡು. ಎದೆಗೆ ಕರ್ಪೂರದೆಣ್ಣೆ ಹಚ್ಚು. ಮೀಸಿದ ಮೇಲೆ ಸಾಂಬ್ರಾಣಿ ಹೊಗೆ ತೋರಿಸು. ಜಾಸ್ತಿಯಾದರೆ ಡಾಕ್ಟರ ಹತ್ತಿರ ಕರಕೊಂಡು ಹೋಗು."

ಮದ್ದಿನ ಬಗ್ಗೆ ಐದು ಸಾಲು, ಡಾಕ್ಟರ ಬಗ್ಗೆ ಒಂದು. ಆ ಒಂದು ಸಾಲಿನ 'ಜಾಸ್ತಿ' ಅಂದರೆ ಎಷ್ಟು? ಊರಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ. ಕೂಸಿನ ಪಕ್ಕೆ ಸೆಳೆಯುತ್ತಿದೆಯೇ, ಅಳುವಿನ ದನಿ ಸಣ್ಣಗಾಗಿದೆಯೇ, ಮೊಲೆ ಬಾಯಿಗಿಟ್ಟರೆ ಎಳೆಯುತ್ತಿದೆಯೇ ಎಂದು ಅವಳು ಗಳಿಗೆಗೊಮ್ಮೆ ನೋಡುತ್ತಿರುತ್ತಾಳೆ. ಮದ್ದು ಪತ್ರದಲ್ಲಿ ಹೊರಟಿತು, ಆ ಕಣ್ಣು ಮನೆಯಲ್ಲೇ ಉಳಿಯಿತು. ಹೊರನಾಡಿನಲ್ಲಿ ಮನೆಮದ್ದು ಕೆಡುವುದು ಹೆಚ್ಚಾಗಿ ಇಲ್ಲೇ ಎನ್ನುವುದು ನನ್ನ ಅನಿಸಿಕೆ. ಸೊಪ್ಪು ಸಿಗದೆ ಕೆಟ್ಟದ್ದಕ್ಕಿಂತ ಕಣ್ಣು ಇಲ್ಲದೆ ಕೆಟ್ಟದ್ದೇ ಜಾಸ್ತಿ.

ಮೊದಲು ಮದ್ದಿನ ಮಾತು. ಎಳೆಗೂಸು ಎಂದರೆ ಇಲ್ಲಿ ಒಂದು ವರ್ಷದೊಳಗಿನದು.

ದೊಡ್ಡಪತ್ರೆಗಿಂತ ಅದರ ಜೊತೆ ಹೋಗುವ ಜೇನು ದೊಡ್ಡ ತೊಂದರೆ. ಜೇನಿನಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದಕ್ಕೆ ಬೇರೂರಲು ಜಾಗ ಸಿಗುವುದಿಲ್ಲ, ಎಳೆಗೂಸಿನ ಕರುಳಿನಲ್ಲಿ ಸಿಗುತ್ತದೆ. ಅಲ್ಲಿ ಮೊಳೆತು ನಂಜು ಬಿಡುತ್ತದೆ, ನಂಜು ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಮೊದಲು ಮಲಬದ್ಧತೆ, ಆಮೇಲೆ ರೆಪ್ಪೆ ಜೋಲುವುದು, ಚೀಪುವ ಬಲ ಕುಗ್ಗುವುದು, ಕತ್ತು ನಿಲ್ಲದಿರುವುದು. ಬಿಸಿ ಕಷಾಯಕ್ಕೆ ಬೆರೆಸಿದ್ದೇನೆ, ಕುದಿಸಿದ್ದೇನೆ ಎಂದರೂ ಪ್ರಯೋಜನವಿಲ್ಲ. ಆ ಬೀಜಾಣು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ವರ್ಷ ತುಂಬುವ ತನಕ ಜೇನು ನಾಲಿಗೆಗೆ ತಾಗಿಸುವುದೂ ಬೇಡ. ವರ್ಷ ದಾಟಿದ ಮಗುವಿಗೆ ಕೆಮ್ಮಿದ್ದರೆ ಮಲಗುವ ಮುನ್ನ ಅರ್ಧ ಟೀ ಚಮಚ ಜೇನು ಕೊಡಬಹುದು. ಅಜ್ಜಿ ಇಲ್ಲಿ ಸೋತಿಲ್ಲ: ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೂಡ ವರ್ಷ ದಾಟಿದವರ ಕೆಮ್ಮಿಗೆ ಜೇನನ್ನೇ ಹೇಳುತ್ತದೆ.

ಮೂಗಿಗೆ ಎಣ್ಣೆ ಬಿಡುವುದನ್ನು ಪತ್ರದಿಂದ ಹೊಡೆದು ಹಾಕಲೇಬೇಕು. ನೀರು ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಎಣ್ಣೆ ಅಥವಾ ತುಪ್ಪ ನುಣುಪಾದ್ದರಿಂದ ಕೆಮ್ಮೇ ಬಾರದೆ ಜಾರಿ ಶ್ವಾಸಕೋಶ ಸೇರುತ್ತದೆ, ಅಲ್ಲಿ ಕರಗದೆ ಉಳಿದು ನ್ಯುಮೋನಿಯಾ ಆಗಬಹುದು. ಬದಲಿಗೆ ಔಷಧಿ ಅಂಗಡಿಯ ಸಲೈನ್ ಹನಿ ಸಾಕು: ಹಾಲೂಡುವ ಮುನ್ನ ಒಂದೊಂದು ಹೊಳ್ಳೆಗೆ ಒಂದೆರಡು ಹನಿ. ಅಂಟು ಸಡಿಲವಾಗುತ್ತದೆ, ಕೂಸು ಉಸಿರು ಕಟ್ಟದೆ ಹಾಲು ಕುಡಿಯುತ್ತದೆ. ಅದೇ ಎಣ್ಣೆಯನ್ನು ನೆತ್ತಿಗೆ ತಟ್ಟಿದರೆ ಯಾರ ತಕರಾರೂ ಇಲ್ಲ.

ಕರ್ಪೂರವೂ ಎಳೆಗೂಸಿಗೆ ಬೇಡ. ಅದು ಚರ್ಮದಿಂದಲೂ ಒಳಗಿಳಿಯುತ್ತದೆ, ಬಾಯಿಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಎದೆಗೆ ಹಚ್ಚಿದ್ದು ಕೈಗಂಟಿ ಬಾಯಿಗೆ ಹೋಗಲು ಎಷ್ಟು ಹೊತ್ತು! ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಅದು ಇಲಿಗಳಲ್ಲಿ ಗಡ್ಡೆ ತಂದಿತೆಂಬ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ತೇದದ್ದು ಎಷ್ಟು, ನೆಕ್ಕಿದ್ದು ಎಷ್ಟು ಎಂದು ಅಳೆಯಲಾಗದ ಮದ್ದನ್ನು ಎಳೆಗೂಸಿಗೆ ಕೊಡದಿರುವುದೇ ಸರಿ.

ಸಾಂಬ್ರಾಣಿಯ ವಿಷಯದಲ್ಲಿ ಮನೆಯೇ ಬೇರೆ. ಹೆಂಚಿನ ಸಂದಿಯಿಂದ, ತೆರೆದ ಬಾಗಿಲಿಂದ ಹೊಗೆ ಹೋಗುವ ಮನೆಗೆ ಹುಟ್ಟಿದ ಪದ್ಧತಿ ಅದು. ಚಳಿಗಾಲದಲ್ಲಿ ಎಲ್ಲ ಕಿಟಕಿ ಬಿಗಿದು ಹೀಟರ್ ಹಾಕಿದ ಇಲ್ಲಿನ ಕೋಣೆಯಲ್ಲಿ ಅದೇ ಹೊಗೆ ಅಲ್ಲೇ ಸುತ್ತುತ್ತದೆ, ಕಟ್ಟಿದ ಮೂಗಿನ ಕೂಸು ಅದನ್ನೇ ಎಳೆದುಕೊಳ್ಳುತ್ತದೆ. (ಚಾವಣಿಯ ಅಲಾರಂ ಹೊಡೆದುಕೊಳ್ಳುವುದು ಬೇರೆ.) ಹೊದಿಸುವುದೂ ಹಾಗೆಯೇ. ಜ್ವರದ ಕೂಸಿಗೆ ಕುಲಾವಿ, ಸ್ವೆಟರ್, ಕಂಬಳಿ ಮೂರನ್ನೂ ಹಾಕಿದರೆ ಮೈಬಿಸಿ ಹೊರಗೆ ಹೋಗಲು ದಾರಿಯಿರುವುದಿಲ್ಲ.

ಇಷ್ಟೆಲ್ಲ ಹೊಡೆದು ಹಾಕಿದ ಮೇಲೆ ಎಳೆಗೂಸಿಗೆ ಉಳಿಯುವುದು ಹಾಲು, ಸಲೈನ್ ಹನಿ, ಎತ್ತಿಕೊಳ್ಳುವುದು. ಸಂಕಟವಿದ್ದರೆ ಪ್ಯಾರಸಿಟಮಾಲ್. ಇದರಲ್ಲೂ ಒಂದು ಹೊರನಾಡ ತಪ್ಪಿದೆ, ಊರಿಂದ ತಂದ ಬಾಟಲಿಯದು. ಇಲ್ಲಿನ ಶಿಶುಗಳ ಸಿರಪ್ಪಿನಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಮದ್ದಿರುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗೆ ಒಂದು ಸಲಕ್ಕೆ 5 ಮಿಲಿ, ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲ ಮೀರುವಂತಿಲ್ಲ. ನಮ್ಮಲ್ಲಿ 5 ಮಿಲಿಗೆ 250 ಇರುವ ಸಿರಪ್ಪೂ ಇದೆ, 1 ಮಿಲಿಗೆ 100 ಇರುವ ಹನಿಯೂ ಇದೆ. ಇಲ್ಲಿನ ಅಳತೆಯನ್ನು ಊರಿನ ಹನಿಬಾಟಲಿಗೆ ಹಾಕಿದರೆ 120ರ ಜಾಗದಲ್ಲಿ 500 ಹೋಗುತ್ತದೆ. ಬಾಟಲಿಯನ್ನು ಊರಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಮೊಮ್ಮಗಳಿಗೇ ಶೀತವಾದರೆ ಅಜ್ಜಿಯ ಕಷಾಯಕ್ಕೆ ಅಡ್ಡಿಯಿಲ್ಲ. ಎರಡು ಲೋಟ ನೀರಿಗೆ ಒಂದು ಟೀ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಅಂಗುಲದಷ್ಟು ಶುಂಠಿ ಜಜ್ಜಿ ಹಾಕಿ ಒಂದು ಲೋಟಕ್ಕೆ ಇಳಿಸಬೇಕು. ಜ್ಯೇಷ್ಠಮಧುವನ್ನು ಮಾತ್ರ ನೋಡಿಕೊಂಡು ಹಾಕಬೇಕು: ದಿನವೂ ಕುಡಿದರೆ ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಸುರಿಯರಿಗೆ, ಬಿಪಿ ಇದ್ದವರಿಗೆ ಬೇಡ. ಇಲ್ಲಿನ ಡಾಕ್ಟರು "ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ" ಎಂದು ಕೇಳಿದಾಗ ನಮ್ಮವರು "ಇಲ್ಲ" ಎನ್ನುತ್ತಾರೆ, ಕಷಾಯ ನಮಗೆ ಅಡುಗೆಮನೆಯದು, ಔಷಧಿಯಲ್ಲ. ಆ 'ಇಲ್ಲ' ತಪ್ಪು ಉತ್ತರ.

ಈಗ ಬಿಟ್ಟುಹೋದ ಅರ್ಧ ಪುಟ. ಊರಿನಲ್ಲಾದರೆ ಸಂಜೆ ಕ್ಲಿನಿಕ್ಕಿಗೆ ಹೋಗಿ ಚೀಟಿ ಹಿಡಿದು ಕೂತರೆ ಡಾಕ್ಟರು ಕೂಸನ್ನು ಮುಟ್ಟಿ ನೋಡುತ್ತಾರೆ, ತಾಯಿ ಏನೂ ಹೇಳದಿದ್ದರೂ ನಡೆಯುತ್ತದೆ. ಇಲ್ಲಿ ಮೊದಲು ಫೋನು. ಕುಟುಂಬದ ಡಾಕ್ಟರು, ಅಂದರೆ ಜಿಪಿ, ಬಾಗಿಲು ಹಾಕಿದ್ದರೆ ಎನ್‌ಎಚ್‌ಎಸ್‌ನ ಸಲಹೆ ಸಂಖ್ಯೆ 111, ಜೀವಕ್ಕೆ ಅಪಾಯವೆನಿಸಿದರೆ ತುರ್ತು ಸಂಖ್ಯೆ 999. ಐದು ವರ್ಷದೊಳಗಿನವರಿಗೆ 111ರ ವೆಬ್‌ಸೈಟು ಆಗುವುದಿಲ್ಲ, ಕರೆಯನ್ನೇ ಮಾಡಬೇಕು. ಆ ಕಡೆಯವರಿಗೆ ಕೂಸು ಕಾಣುವುದಿಲ್ಲ, ಹೇಳಿದ್ದೇ ಅವರಿಗೆ ಕಣ್ಣು. "ಕೂಸು ಸೊರಗಿದೆ" ಎಂದರೆ ಅವರಿಗೆ ಏನೂ ತಿಳಿಯದು, "ಮಧ್ಯಾಹ್ನದಿಂದ ಅರ್ಧದಷ್ಟೂ ಹಾಲು ಕುಡಿದಿಲ್ಲ" ಎಂದರೆ ತಿಳಿಯುತ್ತದೆ. ಅಜ್ಜಿ ನೋಡುತ್ತಿದ್ದದ್ದೂ ಅದನ್ನೇ, ಎಣಿಸುತ್ತಿರಲಿಲ್ಲ ಅಷ್ಟೆ.

ಒಂದು ಲೆಕ್ಕ ಹಾಕಿ ನೋಡೋಣ. ಏಳು ತಿಂಗಳ ಕೂಸು, ಡಿಸೆಂಬರ್. ಗುರುವಾರ ಮೂಗು ಸೋರಲು ಶುರು. ಶುಕ್ರವಾರ ಕೆಮ್ಮು, ಆದರೂ ಆಡುತ್ತಿದೆ. ಶನಿವಾರ ಸಂಜೆ ಏಳಕ್ಕೆ ಉಸಿರು ಗೊರಗೊರ ಎನ್ನುತ್ತಿದೆ. ಇದು ಬ್ರಾಂಕಿಯೋಲೈಟಿಸ್‌ನ ಹೆಜ್ಜೆ: ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್ಸಿನಿಂದ ಬರುತ್ತದೆ, ಚಳಿಗಾಲದಲ್ಲಿ ಹಬ್ಬುತ್ತದೆ, ಮೂರರಿಂದ ಐದನೇ ದಿನಕ್ಕೆ ಜೋರಾಗುತ್ತದೆ. ಅಂದರೆ ಮೊದಲ ಎರಡು ದಿನ ಚೆನ್ನಾಗಿತ್ತು ಎನ್ನುವುದು ಧೈರ್ಯ ತಂದುಕೊಳ್ಳುವ ಮಾತಲ್ಲ.

ಉಸಿರು ಎಣಿಸುವುದು ಹೀಗೆ. ಕೂಸು ಮಲಗಿರಬೇಕು, ಇಲ್ಲವೇ ಅಳದೆ ಸುಮ್ಮನಿರಬೇಕು. ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಎಳೆಯರ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ವೇಗದ ಉಸಿರು. ವರ್ಷ ದಾಟಿ ಐದರವರೆಗೆ 40.

ನಮ್ಮ ಕೂಸಿಗೆ 56 ಬಂತು ಎನ್ನಿ. ಬೆಳಗಿನಿಂದ ಅರ್ಧದಷ್ಟೇ ಹಾಲು ಕುಡಿದಿದೆ. ಕೊನೆಯ ಸಲ ಡೈಪರ್ ನೆನೆದದ್ದು ಹನ್ನೊಂದಕ್ಕೆ, ಎಂಟು ಗಂಟೆಯಾಯಿತು. ಎತ್ತಿದರೆ ಕಣ್ಣು ಬಿಟ್ಟು ನೋಡುತ್ತದೆ. ಇದು 111ರ ಹೊತ್ತು, ಸೋಮವಾರದ ಜಿಪಿಗೆ ಕಾಯುವ ಹೊತ್ತಲ್ಲ. ಈ ನಾಲ್ಕು ಸಂಗತಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಬೇಕು. ಹನ್ನೆರಡು ಗಂಟೆ ಡೈಪರ್ ಒಣಗಿದ್ದರೆ ಅದೊಂದೇ ಕಾರಣ ಸಾಕು.

ರಾತ್ರಿ ಹತ್ತಕ್ಕೆ ಎಣಿಸಿದರೆ 72. ಪಕ್ಕೆಲುಬಿನ ಕೆಳಗೆ ಉಸಿರಿಗೊಮ್ಮೆ ಗುಳಿ ಬೀಳುತ್ತಿದೆ, ಅಜ್ಜಿ 'ಪಕ್ಕೆ ಸೆಳೆತ' ಎನ್ನುವುದು ಇದನ್ನೇ. ಮೂಗಿನ ಹೊಳ್ಳೆ ಅರಳುತ್ತಿದೆ, ಪ್ರತಿ ಉಸಿರು ಬಿಡುವಾಗಲೂ ನರಳಿದಂತೆ ಸದ್ದು. ಇನ್ನು 111 ಅಲ್ಲ, 999. ತುಟಿ, ನಾಲಿಗೆ ನೀಲಿಯಾದರೆ, ನಡುನಡುವೆ ಉಸಿರು ನಿಂತು ಬಂದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ ಎಣಿಸುತ್ತ ಕೂರುವುದೂ ಬೇಡ. ಇಲ್ಲೊಂದು ಮೋಸವಿದೆ: ಬಹಳ ಹೊತ್ತು ಏದುಸಿರು ಬಿಟ್ಟ ಕೂಸು ಇದ್ದಕ್ಕಿದ್ದಂತೆ ನಿಧಾನವಾಗಿ ಉಸಿರಾಡತೊಡಗಿದರೆ ಗುಣವಾಯಿತೆಂದು ತಾಯಿ ಮಲಗಿಬಿಡುತ್ತಾಳೆ. ಗುಣವಾದ ಕೂಸು ಕಣ್ಣು ಬಿಟ್ಟು ಹಾಲು ಕೇಳುತ್ತದೆ. ಹಾಲೂ ಬೇಡ, ಅಳುವೂ ಇಲ್ಲ ಎಂದರೆ ಅದು ದಣಿದಿದೆ.

ಜ್ವರಕ್ಕೂ ವಯಸ್ಸೇ ಅಳತೆ. ಮೂರು ತಿಂಗಳೊಳಗೆ 38 ಡಿಗ್ರಿ, ಅಂದರೆ ನಮ್ಮ 100.4, ಮುಟ್ಟಿದರೆ ಬೇರೇನೂ ಇಲ್ಲದಿದ್ದರೂ ಆ ದಿನವೇ ತಡಮಾಡದೆ ತೋರಿಸಬೇಕು. ಮೂರರಿಂದ ಆರು ತಿಂಗಳಿಗೆ 39. ಮೈಮೇಲೆ ಚುಕ್ಕೆ ಎದ್ದಿದ್ದರೆ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಬೇಕು. ಒತ್ತಿದಾಗಲೂ ಮಾಸದ ಚುಕ್ಕೆಗೆ 999. ಹಾಗೆಂದು ಮಾಸಿತು ಎಂಬ ಸಮಾಧಾನಕ್ಕೆ ಕೂಸಿನ ಬೇರೆ ಲಕ್ಷಣ ಮರೆಯಬಾರದು.

ಅಜ್ಜಿಯರು ಈ ಪತ್ರವನ್ನು ತಿರುಗಿಸಿ ಬರೆಯಲಿ ಎನ್ನುವುದು ನನ್ನ ಬೇಡಿಕೆ: ಪಕ್ಕೆ, ಹಾಲು, ಡೈಪರ್, ಎಚ್ಚರ ಮೊದಲು, ಸೊಪ್ಪು ಆಮೇಲೆ. ಮೊಮ್ಮಕ್ಕಳೂ ಒಂದು ಅಭ್ಯಾಸ ಬಿಡಬೇಕು. ಕೂಸಿಗೆ ಏನಾದರೂ ಮೊದಲು ವಾಟ್ಸಾಪಿನಲ್ಲಿ ವಿಡಿಯೋ ಹಿಡಿದು ಊರಿಗೆ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಡಿಸೆಂಬರಿನ ಶನಿವಾರ ರಾತ್ರಿ ಹತ್ತು ಅಂದರೆ ಊರಿನಲ್ಲಿ ಭಾನುವಾರ ಬೆಳಗಿನ ಜಾವ ಮೂರೂವರೆ. ಅಜ್ಜಿಯನ್ನು ಎಬ್ಬಿಸಲೇಬೇಕೆಂದರೆ ಆಂಬುಲೆನ್ಸ್ ಹೊರಟಿದೆ ಎಂದು ಗೊತ್ತಾದ ಮೇಲೆ ಎಬ್ಬಿಸಿ.